ಹಾರುವ ಕೂದಲು ಅಂಟಿಸಿದ ದಾರದಂತೆ ಕಂಡರೆ: ಬೆಳಕಿನ ದಿಕ್ಕು ಹಿಡಿದು ದೋಷ ಹುಡುಕುವ ಬಗೆ

ಜಯನಗರದ ಒಂದು ಮನೆಯ ತಾರಸಿ ಮೇಲೆ ತೆಗೆದ ಫೋಟೋ ಇದು. ಡಿಸೆಂಬರ್ ತಿಂಗಳು, ಸಂಜೆ ಐದೂಕಾಲು. ನಿಶ್ಚಿತಾರ್ಥದ ಆಲ್ಬಂಗೆ ಅಂತ ಹುಡುಗಿ ಕೂದಲು ಬಿಟ್ಟುಕೊಂಡು ನಿಂತಿದ್ದಾಳೆ. ಅವತ್ತು ಗಾಳಿಯೇ ಇರಲಿಲ್ಲ. ಕೂದಲು ಭುಜದ ಮೇಲೆ ಸುಮ್ನೆ ಇಳಿಬಿದ್ದಿದೆ. ಮನೆಯವರು ಕೇಳಿದ್ದು ಒಂದೇ ಮಾತು: "ಸ್ವಲ್ಪ ಗಾಳಿಗೆ ಹಾರ್ತಿರೋ ಹಾಗೆ ಮಾಡಿಕೊಡಿ." ನಮ್ಮ ಜೊತೆ ಕೆಲಸ ಮಾಡುವ ಹುಡುಗ ಫೋಟೋಶಾಪ್‌ನಲ್ಲಿ ಎಳೆಗಳನ್ನು ಬಿಡಿಸಿ ಕಳಿಸಿದ. ಉತ್ತರ ಬಂತು: "ದಾರ ಅಂಟಿಸಿದ ಹಾಗಿದೆ ಸಾರ್."

ಈ ದೂರು ಬಹಳ ಸಲ ಬರುತ್ತದೆ. ಕಾರಣ ಮಾತ್ರ ಪ್ರತಿ ಸಲವೂ ಒಂದೇ ಇರುವುದಿಲ್ಲ. ಹಾಗಾಗಿ ಎಳೆಗಳನ್ನೆಲ್ಲ ಅಳಿಸಿ ಮತ್ತೆ ಬಿಡಿಸುವ ಮೊದಲು, ದೋಷ ಎಲ್ಲಿದೆ ಅಂತ ಒಂದೊಂದಾಗಿ ಕಳೆದುಕೊಂಡು ಹೋಗಬೇಕು. ಆ ಫೈಲ್‌ನಲ್ಲಿ ನಾವು ಹೋದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ದಪ್ಪ

"ದಾರ" ಅಂದರು ಅಂದಮೇಲೆ ಮೊದಲ ಅನುಮಾನ ದಪ್ಪದ ಮೇಲೆ. ಇದನ್ನು ಕಣ್ಣಂದಾಜಿನಲ್ಲಿ ನೋಡಬೇಡಿ, ಅಳೆಯಿರಿ. ಮನುಷ್ಯರ ತಲೆಗೂದಲು ಹೆಚ್ಚುಕಮ್ಮಿ 0.05ರಿಂದ 0.1 ಮಿಲಿಮೀಟರ್ ದಪ್ಪ ಇರುತ್ತದೆ. ಫೋಟೋದಲ್ಲಿ ಒಂದು ಮಿಲಿಮೀಟರ್‌ಗೆ ಎಷ್ಟು ಪಿಕ್ಸೆಲ್ ಅಂತ ಗೊತ್ತಾಗಲು ಮುಖವೇ ಸಾಕು. ದೊಡ್ಡವರಲ್ಲಿ ಎರಡು ಕಣ್ಣುಪಾಪೆಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಮುಖ ಕ್ಯಾಮೆರಾ ಕಡೆ ನೇರವಾಗಿದ್ದರೆ Ruler Tool ಹಿಡಿದು ಅದನ್ನು ಅಳೆಯಿರಿ. ನಮ್ಮ ಫೈಲ್‌ನಲ್ಲಿ ಅದು 300 ಪಿಕ್ಸೆಲ್ ಬಂತು. ಅಂದರೆ ಒಂದು ಮಿಲಿಮೀಟರ್‌ಗೆ 5 ಪಿಕ್ಸೆಲ್.

ಈಗ ಲೆಕ್ಕ ನೋಡಿ. 0.08 ಮಿಲಿಮೀಟರ್ ಕೂದಲು ಈ ಫೋಟೋದಲ್ಲಿ ಅರ್ಧ ಪಿಕ್ಸೆಲ್ ಕೂಡ ಆಗುವುದಿಲ್ಲ. ಹುಡುಗ ಬಳಸಿದ್ದು 4 ಪಿಕ್ಸೆಲ್ ಬ್ರಷ್. ಅದು 0.8 ಮಿಲಿಮೀಟರ್, ಹೊಲಿಗೆ ದಾರಕ್ಕಿಂತಲೂ ದಪ್ಪ. ಮನೆಯವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಹಾಗಂತ ಅರ್ಧ ಪಿಕ್ಸೆಲ್‌ನ ಬ್ರಷ್ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಲೆನ್ಸ್ ಮತ್ತು ಸೆನ್ಸರ್ ಒಂದು ಸಣ್ಣ ಎಳೆಯನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹರಡುತ್ತವೆ. ಅದು ಅಗಲ ಆಗುತ್ತದೆ, ಜೊತೆಗೆ ಮಂಕಾಗುತ್ತದೆ. ಎಷ್ಟು ಅಗಲ, ಎಷ್ಟು ಮಂಕು ಅನ್ನುವುದಕ್ಕೆ ಅದೇ ಫೋಟೋದಲ್ಲಿ ಸಾಕ್ಷಿ ಸಿಗುತ್ತದೆ. ಎಷ್ಟೇ ಬಾಚಿದ್ದರೂ ನೆತ್ತಿ ಮೇಲೆ, ಕಿವಿ ಹತ್ತಿರ ಒಂದೆರಡು ಎಳೆ ಎದ್ದಿರುತ್ತವೆ. 300% ಜೂಮ್ ಮಾಡಿ ಅವನ್ನು ನೋಡಿ. ನಮ್ಮ ಫೈಲ್‌ನಲ್ಲಿ ಅವು 2 ಪಿಕ್ಸೆಲ್ ಅಗಲವಾಗಿ, ಹಿನ್ನೆಲೆಯಿಂದ ಅಷ್ಟೇನೂ ಬೇರೆಯಾಗದೆ ಕಾಣುತ್ತಿದ್ದವು. ಬ್ರಷ್ 2 ಪಿಕ್ಸೆಲ್‌ಗೆ ಇಳಿಸಿ, ಓಪಾಸಿಟಿಯನ್ನು 40%ರ ಹತ್ತಿರ ಇಟ್ಟಾಗ ಹೊಸ ಎಳೆ ಹಳೆಯ ಎಳೆಗೆ ಹೊಂದಿತು.

ಇನ್ನೊಂದು ಸಣ್ಣ ದೋಷವೂ ಅಲ್ಲೇ ಸಿಕ್ಕಿತು. ಎಳೆಗಳು ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇದ್ದವು. ಪೆನ್ ಟೂಲ್‌ನಿಂದ ದಾರಿ ಬಿಡಿಸಿ Stroke Path ಕೊಡುವಾಗ Simulate Pressure ಟಿಕ್ ಮಾಡಿದ್ದ. ಆದರೆ ಬ್ರಷ್‌ನಲ್ಲಿ ಒತ್ತಡಕ್ಕೆ ತಕ್ಕಂತೆ ಗಾತ್ರ ಬದಲಾಗುವ ಸೆಟ್ಟಿಂಗ್ ಆನ್ ಆಗಿರಲಿಲ್ಲ. ಅದಿಲ್ಲದಿದ್ದರೆ ಆ ಟಿಕ್‌ನಿಂದ ದಪ್ಪ ಬದಲಾಗುವುದಿಲ್ಲ.

```
Brush Settings > Shape Dynamics
  Size Jitter: 0%
  Control: Pen Pressure
Paths > Stroke Path
  Tool: Brush
  Simulate Pressure: on
```

ಇದರಿಂದ ಎಳೆ ಎರಡೂ ತುದಿಯಲ್ಲಿ ಸಣ್ಣಗಾಗುತ್ತದೆ. ತುದಿ ಸಣ್ಣಗಾಗಬೇಕು, ಬುಡ ಆಗಬಾರದು. ಅದಕ್ಕೆ ದಾರಿಯನ್ನು ಕೂದಲ ಅಂಚಿನಿಂದ ಶುರು ಮಾಡದೆ, ಒಂದೆರಡು ಸೆಂಟಿಮೀಟರ್ ಒಳಗಿಂದ ಶುರು ಮಾಡಿ. ಆಮೇಲೆ ಬುಡದ ಭಾಗವನ್ನು ಮಾಸ್ಕ್‌ನಲ್ಲಿ ಮೆತ್ತಗೆ ಅಳಿಸಿ. ಎಳೆ ಕೂದಲ ರಾಶಿಯೊಳಗಿಂದ ಎದ್ದ ಹಾಗೆ ಕಾಣುತ್ತದೆ.

ಇಷ್ಟು ಸರಿ ಮಾಡಿದ ಮೇಲೆ ದಾರ ಹೋಯಿತು. "ಅಂಟಿಸಿದ ಹಾಗಿದೆ" ಅನ್ನುವುದು ಮಾತ್ರ ಹಾಗೇ ಉಳಿಯಿತು.

ಬೆಳಕು ನಿಜಕ್ಕೂ ಎಲ್ಲಿಂದ?

ದಪ್ಪ ಸರಿ ಇದ್ದೂ ಎಳೆ ಬೇರೆಯಾಗಿ ನಿಂತರೆ ಮುಂದಿನ ಅನುಮಾನ ಬೆಳಕಿನದ್ದು. ಲೇಯರ್‌ಗಳ ಮೇಲೆ ಒಂದು Black & White ಹೊಂದಾಣಿಕೆ ಲೇಯರ್ ಹಾಕಿ, ಜೂಮ್ ಅನ್ನು 25%ಗೆ ಇಳಿಸಿ ನೋಡಿ. ಬಣ್ಣ ಹೋದ ಮೇಲೂ ಎಳೆಗಳು ಎದ್ದು ಕಂಡರೆ ತಪ್ಪು ಬೆಳಕಿನಲ್ಲಿದೆ. ಕಪ್ಪುಬಿಳುಪಿನಲ್ಲಿ ಚೆನ್ನಾಗಿ ಕೂತು, ಬಣ್ಣದಲ್ಲಿ ಮಾತ್ರ ಕೆಟ್ಟರೆ ತಪ್ಪು ಬಣ್ಣದಲ್ಲಿದೆ. ನಮ್ಮದು ಮೊದಲನೆಯದು.

ಹುಡುಗ ಎಲ್ಲ ಎಳೆಗಳ ಬಲ ಅಂಚಿಗೆ ಹೊಳಪು ಕೊಟ್ಟಿದ್ದ. "ಮುಖದ ಬಲಗಡೆನೇ ಬ್ರೈಟ್ ಇದೆಯಲ್ಲಾ ಅಣ್ಣಾ" ಅಂದ. ಇಲ್ಲಿ ಎಡ ಬಲ ಅಂದರೆ ನೋಡುವವರ ಎಡ ಬಲ. ಅವನು ಹೇಳಿದ್ದು ನಿಜ, ಬಲ ಕೆನ್ನೆ ಹೊಳೆಯುತ್ತಿತ್ತು. ಆದರೆ ಕಣ್ಣನ್ನು ಜೂಮ್ ಮಾಡಿದರೆ ಕಾರಣ ತಿಳಿಯುತ್ತದೆ. ಪಾಪೆಯ ಬಲಕ್ಕೆ ದೊಡ್ಡ ಚೌಕಾಕಾರದ ಬಿಳಿ ಹೊಳಪು. ಅದು ಸೂರ್ಯ ಅಲ್ಲ, ಯಾರೋ ಹಿಡಿದುಕೊಂಡ ಥರ್ಮಾಕೋಲ್ ಶೀಟ್. ಮುಖದ ಮೇಲಿನ ಬೆಳಕು ಆ ಶೀಟ್‌ನಿಂದ ಬಂದದ್ದು. ಕೂದಲಿಗೆ ಬಿದ್ದ ದೊಡ್ಡ ಬೆಳಕು ಬೇರೆ.

ಬೆಂಗಳೂರಿನ ಮದುವೆ ಫೋಟೋಗಳಲ್ಲಿ ಈ ಗೊಂದಲ ಮಾಮೂಲು. ಸೂರ್ಯನನ್ನು ಬೆನ್ನಿಗೆ ಹಾಕಿ ನಿಲ್ಲಿಸುತ್ತಾರೆ, ಮುಖಕ್ಕೆ ರಿಫ್ಲೆಕ್ಟರ್ ಹಿಡಿಯುತ್ತಾರೆ. ಹಾಗಾಗಿ ಬೆಳಕಿನ ದಿಕ್ಕು ತಿಳಿಯಲು ಮುಖ ನೋಡಲೇಬೇಡಿ. ಅಂಚುಗಳನ್ನು ನೋಡಿ. ಈ ಫೋಟೋದಲ್ಲಿ ಎಡ ಭುಜದ ಮೇಲೆ ಚಿನ್ನದ ಗೆರೆ ಇತ್ತು. ಎಡ ಕಿವಿ ಕೆಂಪಗೆ ಹೊಳೆಯುತ್ತಿತ್ತು. ಕಿವಿ ಹಾಗೆ ಹೊಳೆಯಬೇಕಾದರೆ ಬೆಳಕು ಹಿಂದಿನಿಂದ ಅದರ ಮೂಲಕ ಹಾದು ಬರಬೇಕು. ಆಗಲೇ ಇದ್ದ ಒಂಟಿ ಎಳೆಗಳಲ್ಲಿ ನೆತ್ತಿಯವು ಮತ್ತು ಎಡಗಡೆಯವು ಬಂಗಾರದ ಬಣ್ಣದಲ್ಲಿದ್ದವು.

ಇನ್ನೂ ಖಚಿತ ಬೇಕಾದರೆ ಫೋಟೋಗ್ರಾಫರ್ ಹತ್ತಿರ ಅದೇ ಜಾಗದ, ಅದೇ ಕಡೆಗೆ ತಿರುಗಿ ತೆಗೆದ ಅಗಲವಾದ ಫ್ರೇಮ್ ಕೇಳಿ. ನಮಗೆ ಸಿಕ್ಕ ಫ್ರೇಮ್‌ನಲ್ಲಿ ಬಟ್ಟೆ ಒಣಹಾಕುವ ತಂತಿಯ ಎರಡು ಕಂಬಗಳ ನೆರಳು ನೆಲದ ಮೇಲೆ ಬಿದ್ದಿತ್ತು. ಎರಡೂ ನೆರಳಿನ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿ. ಅವು ಕೂಡುವ ಜಾಗದ ನೇರ ಮೇಲೆ ಸೂರ್ಯ ಇದ್ದಾನೆ. ಕಂಬ ನೆಟ್ಟಗಿದ್ದು ನೆಲ ಸಮವಾಗಿದ್ದರೆ ಈ ವಿಧಾನ ಸುಳ್ಳಾಗುವುದಿಲ್ಲ. ಇಲ್ಲಿ ಗೆರೆಗಳು ಹುಡುಗಿಯ ಹಿಂದೆ, ಫ್ರೇಮ್‌ನ ಎಡಕ್ಕೆ ಕೂಡಿದವು. ನೇರ ಹಿಂದಿನಿಂದ ಸುಮಾರು 30 ಡಿಗ್ರಿ ಎಡಕ್ಕೆ ಅಂತ ಅಂದಾಜು ಮಾಡಿದೆವು. ಎತ್ತರ ಎಷ್ಟು? ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಐದೂಕಾಲಕ್ಕೆ ಅವನು ದಿಗಂತದಿಂದ ಹತ್ತು ಡಿಗ್ರಿ ಮೇಲೆ ಅಷ್ಟೇ. ಅಂದರೆ ಬೆಳಕು ಹೆಚ್ಚುಕಮ್ಮಿ ಅಡ್ಡಡ್ಡ ಬರುತ್ತಿದೆ.

ಒಂದೇ ಎಳೆಯ ಮೇಲೆ ಬೆಳಕು ಬದಲಾಗುವುದು

ದಿಕ್ಕು ಗೊತ್ತಾದ ಮೇಲೂ ಒಂದು ತಪ್ಪು ಕಾದಿರುತ್ತದೆ. ಎಳೆಯ ಉದ್ದಕ್ಕೂ ಒಂದೇ ಹೊಳಪು ಕೊಡುವುದು. ಕೂದಲು ಅಂದರೆ ತೀರಾ ಸಣ್ಣ ದುಂಡು ಕಡ್ಡಿ. ಬೆಳಕಿಗೆ ಅಡ್ಡವಾಗಿ ನಿಂತ ತುಂಡಿಗೆ ಬೆಳಕು ಪೂರ್ತಿ ಬೀಳುತ್ತದೆ. ಬೆಳಕಿನ ದಿಕ್ಕಿಗೇ ಚಾಚಿಕೊಂಡ ತುಂಡಿಗೆ ಬೆಳಕು ಸವರಿಕೊಂಡು ಹೋಗುತ್ತದೆ, ಹೊಳಪು ಉಳಿಯುವುದಿಲ್ಲ. ಎಳೆಗೂ ಬೆಳಕಿಗೂ ನಡುವಿನ ಕೋನದ ಸೈನ್ ತೆಗೆದುಕೊಂಡರೆ ಲೆಕ್ಕ ಹತ್ತಿರಕ್ಕೆ ಬರುತ್ತದೆ. 90 ಡಿಗ್ರಿ ಇದ್ದರೆ ಪೂರ್ತಿ, 30 ಡಿಗ್ರಿ ಇದ್ದರೆ ಅರ್ಧ, ಒಂದೇ ದಿಕ್ಕಾದರೆ ಸೊನ್ನೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ 1989ರಲ್ಲಿ ಕಾಜಿಯಾ ಮತ್ತು ಕೇ ಕೊಟ್ಟ ಕೂದಲಿನ ಮಾದರಿ ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ.

ಇದನ್ನು ಪಕ್ಕದಿಂದ ಬರುವ ಬೆಳಕಿಗೆ ಹಾಕಿ ನೋಡಿ. ಸೂರ್ಯ ನೇರ ಎಡಕ್ಕೆ, ಗಾಳಿ ಎಡದಿಂದ ಬಲಕ್ಕೆ, ಎಳೆಗಳು ಅಡ್ಡ ಹಾರುತ್ತಿವೆ. ನಾವೆಲ್ಲ ಮೊದಲು ಹೊಳಪು ಕೊಡುವುದು ಆ ಅಡ್ಡ ಹಾರುವ ಭಾಗಕ್ಕೇ ಅಲ್ವಾ? ನಿಜದಲ್ಲಿ ಅದೇ ಎಲ್ಲಕ್ಕಿಂತ ಮಂಕಾಗಿರಬೇಕು. ಎಳೆ ಬುಡದಿಂದ ಮೇಲೇಳುವ ಜಾಗ, ತುದಿ ಕೆಳಕ್ಕೆ ಬಾಗುವ ಜಾಗ ಹೊಳೆಯಬೇಕು. ನಡುವಿನ ಅಡ್ಡ ಭಾಗ ಕಪ್ಪಗೆ ಉಳಿಯಬೇಕು. ಈ ಒಂದು ವಿಷಯ ತಪ್ಪಿದರೆ ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಆದರೆ "ಏನೋ ಸರಿ ಇಲ್ಲ" ಅನ್ನಿಸುತ್ತದೆ.

ನಮ್ಮ ಫೋಟೋದಲ್ಲಿ ಬೆಳಕು ಹಿಂದಿನಿಂದ ಬರುತ್ತಿದೆ. ಬಲಕ್ಕೆ ಅಡ್ಡ ಹಾರುವ ಎಳೆಗೂ ಆ ಬೆಳಕಿಗೂ ಸುಮಾರು 60 ಡಿಗ್ರಿ ಕೋನ. ಸೈನ್ 0.87. ಅಂದರೆ ಅಡ್ಡ ಎಳೆಯೂ ಚೆನ್ನಾಗಿಯೇ ಹೊಳೆಯಬೇಕು, ನೆಟ್ಟಗಿನ ಎಳೆಗಿಂತ ಸ್ವಲ್ಪ ಕಡಿಮೆ ಅಷ್ಟೇ. ಮಂಕಾಗಬೇಕಾದದ್ದು ಕ್ಯಾಮೆರಾ ಕಡೆಗೆ ಬಾಗಿ ಬರುವ ತುಂಡು. ಹಿಂಬೆಳಕಿನ ಫೋಟೋದಲ್ಲಿ ಗಾಳಿ ಸೇರಿಸುವುದು ಸುಲಭ ಅನ್ನುವುದು ಇದಕ್ಕೇ.

ಆಮೇಲೆ ತಲೆಯ ನೆರಳು. ಎಡಹಿಂದಿನಿಂದ ಬರುವ ಬೆಳಕನ್ನು ತಲೆಯೇ ಸ್ವಲ್ಪ ತಡೆಯುತ್ತದೆ. ಬಲಗಡೆ ತಲೆಗೆ ಅಂಟಿಕೊಂಡ ಭಾಗದಲ್ಲಿ ಎಳೆ ನೆರಳಿನಲ್ಲಿರಬೇಕು. ಎಷ್ಟು ದೂರ? ತಲೆಯನ್ನು 18 ಸೆಂಟಿಮೀಟರ್ ಅಗಲದ ಗೋಲ ಅಂದುಕೊಂಡು 30 ಡಿಗ್ರಿಗೆ ಲೆಕ್ಕ ಹಾಕಿದರೆ, ತಲೆಯ ಸಮದಲ್ಲೇ ಇರುವ ಎಳೆಗೆ ಒಂದೂವರೆ ಸೆಂಟಿಮೀಟರ್ ಹತ್ತಿರ ಬರುತ್ತದೆ. ನಮ್ಮ ಫೈಲ್‌ನಲ್ಲಿ ಅದು 75 ಪಿಕ್ಸೆಲ್. ಎಳೆ ತಲೆಯಿಂದ ಹೊರಟು ಅಷ್ಟು ದೂರ ಕಪ್ಪಗಿದ್ದು, ಆಮೇಲೆ ಬೆಳಕಿಗೆ ಬರಬೇಕು. ಮುಖದ ಮುಂದಕ್ಕೆ ಬಂದ ಎಳೆಯಾದರೆ ಈ ಕಪ್ಪು ಭಾಗ ಇನ್ನೂ ಉದ್ದ. ಎಡಗಡೆ ಎಳೆಗಳಿಗೆ ಈ ನೆರಳು ಇಲ್ಲ. ಅವು ಕೂದಲ ಅಂಚು ದಾಟಿದ ಕೂಡಲೇ ಹೊಳೆಯಬಹುದು. ಎಡಬಲದ ಈ ವ್ಯತ್ಯಾಸವೇ ಬೆಳಕಿನ ದಿಕ್ಕನ್ನು ಹೇಳುವುದು. ಹುಡುಗನ ಫೈಲ್‌ನಲ್ಲಿ ಎರಡೂ ಕಡೆ ಒಂದೇ ಥರ ಇತ್ತು.

ಕೆಲಸ ಮಾಡುವಾಗ ಹೊಳಪನ್ನು ಎಳೆಯ ಜೊತೆಗೇ ಬಿಡಿಸಬೇಡಿ. ಮೊದಲು ಎಲ್ಲ ಎಳೆಗಳನ್ನೂ ಒಂದು ಲೇಯರ್‌ನಲ್ಲಿ ಕೂದಲಿನ ಕಪ್ಪಿನಲ್ಲಿ, Normal ಮೋಡ್‌ನಲ್ಲಿ ಬಿಡಿಸಿ. ಅಪ್ಪಟ ಕಪ್ಪು ಬೇಡ. ನೆರಳಿನಲ್ಲಿರುವ ಕೂದಲಿನಿಂದಲೇ Eyedropperನಲ್ಲಿ, 3 by 3 Average ಇಟ್ಟು ಬಣ್ಣ ಎತ್ತಿಕೊಳ್ಳಿ. ಅದರ ಮೇಲೆ ಒಂದು ಖಾಲಿ ಲೇಯರ್ ಹಾಕಿ ಕ್ಲಿಪ್ಪಿಂಗ್ ಮಾಸ್ಕ್ ಮಾಡಿ. ಈ ಮೇಲಿನ ಲೇಯರ್‌ನಲ್ಲಿ 60-80 ಪಿಕ್ಸೆಲ್‌ನ ಮೆತ್ತನೆಯ ಬ್ರಷ್‌ನಿಂದ ಬೆಳಕು ಬೀಳಬೇಕಾದ ಜಾಗಕ್ಕೆ ಮಾತ್ರ ಹೊಳಪಿನ ಬಣ್ಣ ಹಚ್ಚಿ. ಎಳೆ ಇದ್ದ ಕಡೆ ಮಾತ್ರ ಬಣ್ಣ ನಿಲ್ಲುತ್ತದೆ. ಕಪ್ಪಿನಿಂದ ಬೆಳಕಿಗೆ ಹೋಗುವುದು ತಾನಾಗಿ ಮೃದುವಾಗುತ್ತದೆ, ತಪ್ಪಾದರೆ ಎಳೆ ಮುಟ್ಟದೆ ಹೊಳಪು ಮಾತ್ರ ಅಳಿಸಬಹುದು.

ಹೊಳಪಿನ ಬಣ್ಣವನ್ನೂ ಫೋಟೋದಿಂದಲೇ ಎತ್ತಿ, ಆ ಎಡಗಡೆಯ ನಿಜವಾದ ಎಳೆಯಿಂದ. ಬಿಳಿ ಹಾಕಿದರೆ ನರೆಗೂದಲಾಗುತ್ತದೆ. ನಮ್ಮ ಕಡೆಯ ಕಪ್ಪು ಕೂದಲು ಹಿಂಬೆಳಕಿನಲ್ಲಿ ಕಂದು ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಎಳೆಯೊಳಗಿನಿಂದ ಹಾದು ಬಂದ ಬೆಳಕು ಕೂದಲಿನ ಬಣ್ಣ ಹಿಡಿದುಕೊಂಡು ಬರುತ್ತದೆ, ಮೈಮೇಲಿನಿಂದ ಜಾರಿ ಬಂದ ಬೆಳಕು ಸೂರ್ಯನ ಬಣ್ಣದಲ್ಲೇ ಇರುತ್ತದೆ. ಮುಂದಿನಿಂದ ಬೆಳಕಿದ್ದ ಫೋಟೋದಲ್ಲಿ ಈ ಚಿನ್ನದ ಬಣ್ಣ ಹಾಕಿದರೆ ಕೂದಲಿಗೆ ಡೈ ಹಾಕಿದ ಹಾಗೆ ಕಾಣುತ್ತದೆ.

ಆಕಾಶದ ಮುಂದೆ ಎಳೆ ಮಾಯವಾದರೆ

ಹುಡುಗಿಯ ಹಿಂದೆ ಬಲಗಡೆ ಪಕ್ಕದ ಮನೆಯ ತೆಂಗಿನಮರ ಇದೆ, ಕಡು ಹಸಿರು. ಅದರಾಚೆ ಬೆಳ್ಳಗಿನ ಆಕಾಶ. ಹುಡುಗ ಬಿಡಿಸಿದ ಎಳೆಗಳು ತೆಂಗಿನಮರದ ಮುಂದೆ ಬೆಳ್ಳಿ ತಂತಿಯ ಹಾಗೆ ಮಿಂಚಿ, ಆಕಾಶ ಶುರುವಾದ ಕಡೆ ಕತ್ತರಿಸಿದ ಹಾಗೆ ನಿಂತುಬಿಟ್ಟಿದ್ದವು.

ಕಾರಣ ಲೇಯರ್ ಮೋಡ್. ಎಳೆಗಳನ್ನು ತಿಳಿ ಬಣ್ಣದಲ್ಲಿ ಬಿಡಿಸಿ Screen ಹಾಕಿದ್ದ. Screen ಕೆಳಗಿನದ್ದನ್ನು ಬೆಳಗಿಸುತ್ತದೆ, ಯಾವತ್ತೂ ಕಪ್ಪು ಮಾಡುವುದಿಲ್ಲ. ಆಕಾಶ ಆಗಲೇ ಬಿಳಿ. ಅದರ ಮೇಲೆ ಇನ್ನೇನು ಬೆಳಗಿಸುತ್ತದೆ? ಎಳೆ ಕಾಣದಾಯಿತು. ಕಾಣಲಿ ಅಂತ ಓಪಾಸಿಟಿ ಏರಿಸಿದ. ಆಕಾಶದಲ್ಲಿ ಏನೂ ಆಗಲಿಲ್ಲ, ಮರದ ಮುಂದೆ ಮಾತ್ರ ಎಳೆ ತಂತಿಯಾಯಿತು.

ನಿಜವಾದ ಕೂದಲು ಹೀಗಲ್ಲ. ಅದು ಬೆಳಕಿಗೆ ಅಡ್ಡ ಬರುವ ವಸ್ತು. ಕಪ್ಪು ಮರದ ಮುಂದೆ ಅದೇ ಎಳೆ ಬೆಳ್ಳಗೆ ಕಾಣುತ್ತದೆ, ಬಿಳಿ ಆಕಾಶದ ಮುಂದೆ ಕಪ್ಪಗೆ ಕಾಣುತ್ತದೆ. ಎಳೆ ಬದಲಾಗಿಲ್ಲ, ಹಿನ್ನೆಲೆ ಬದಲಾಗಿದೆ. ಮೇಲೆ ಹೇಳಿದ ಹಾಗೆ ಕಪ್ಪು ಎಳೆ Normal ಮೋಡ್‌ನಲ್ಲಿ ಕೆಳಗೆ, ಹೊಳಪು ಮೇಲೆ ಕ್ಲಿಪ್ ಆಗಿದ್ದರೆ ಇದರ ಹೆಚ್ಚಿನ ಪಾಲು ತಾನೇ ಸರಿಹೋಗುತ್ತದೆ. ಆಕಾಶದ ಮುಂದಿನ ಭಾಗದಲ್ಲಿ ಹೊಳಪಿನ ಲೇಯರ್ ಸ್ವಲ್ಪ ಅಳಿಸಿ, ಒಳಗಿನ ಕಪ್ಪು ಹೊರಗೆ ಬರಲಿ. ಆದರೆ ಕಡು ಕಪ್ಪು ಮಾಡಬೇಡಿ. ತುಂಬಾ ಬೆಳಗಿದ ಆಕಾಶ ಸಣ್ಣ ಎಳೆಯನ್ನು ಎರಡೂ ಕಡೆಯಿಂದ ತಿಂದುಬಿಡುತ್ತದೆ. ಅಲ್ಲಿನ ಎಳೆ ತಿಳಿ ಬೂದು ಕಂದು ಬಣ್ಣದಲ್ಲಿ, ಅಲ್ಲಲ್ಲಿ ಕಳೆದುಹೋಗುತ್ತಾ ಇರಬೇಕು. ಮರದ ಗರಿಗಳ ಸಂದಿಯಲ್ಲಿ ಆಕಾಶ ಇಣುಕುವ ಕಡೆ ಎಳೆ ಎರಡು ಮೂರು ಸಲ ಬಣ್ಣ ಬದಲಿಸುತ್ತದೆ. ಅಲ್ಲಿ ಸ್ವಲ್ಪ ತಾಳ್ಮೆಯಿಂದ ಕೂತು ಕೈಯಲ್ಲೇ ಮಾಡಬೇಕು, ಬೇರೆ ದಾರಿ ಇಲ್ಲ.

ಕೆನ್ನೆ ಮೇಲಿನ ನೆರಳು

ಮುಖದ ಮೇಲೆ ಬಂದ ಎಳೆಗಳಿಗೆ Drop Shadow ಲೇಯರ್ ಸ್ಟೈಲ್ ಹಾಕಿತ್ತು. ಸ್ಟಿಕರ್ ಥರ ಕಾಣಲು ಅರ್ಧ ಕಾರಣ ಅದೇ. ಈ ಫೋಟೋದಲ್ಲಿ ಮುಖ ಸೂರ್ಯನಿಗೆ ಬೆನ್ನು ಹಾಕಿದೆ. ಸೂರ್ಯನ ಬೆಳಕೇ ಬೀಳದ ಕೆನ್ನೆ ಮೇಲೆ ಎಳೆಯ ಚೂಪು ನೆರಳು ಎಲ್ಲಿಂದ ಬರಬೇಕು? ಥರ್ಮಾಕೋಲ್ ಶೀಟ್ ದೊಡ್ಡದು, ಹತ್ತಿರದಲ್ಲಿದೆ. ಅದರ ಬೆಳಕಿಗೆ ಕೂದಲೆಳೆಯ ನೆರಳು ಕಾಣುವಷ್ಟು ಬೀಳುವುದಿಲ್ಲ. ಪೂರ್ತಿ ತೆಗೆದುಬಿಟ್ಟೆವು.

ಮಧ್ಯಾಹ್ನದ ಬಿಸಿಲು ಎದುರಿನಿಂದ ಬಿದ್ದ ಫೋಟೋ ಆದರೆ ಮಾತು ಬೇರೆ. ಆಗ ನೆರಳು ಬೇಕು. ಅದು ಎಳೆಯ ಪಕ್ಕಕ್ಕೆ ಒಂದೇ ದೂರದಲ್ಲಿ ಸಾಗಬಾರದು. ಎಳೆ ಚರ್ಮಕ್ಕೆ ತಾಗಿದ ಕಡೆ ನೆರಳು ಅಂಟಿಕೊಂಡಿರಬೇಕು, ಎಳೆ ಮೇಲೆದ್ದ ಹಾಗೆ ದೂರ ಸರಿದು ಮಸುಕಾಗಬೇಕು. Drop Shadow ಎಲ್ಲ ಕಡೆ ಒಂದೇ ದೂರ ಇಡುತ್ತದೆ, ಹಾಗಾಗಿ ಕೂದಲಿಗೆ ಅದು ಯಾವತ್ತೂ ಸರಿಬರುವುದಿಲ್ಲ. ಎಳೆಯ ಲೇಯರ್ ನಕಲು ಮಾಡಿ, ಚರ್ಮದ ಕಂದು ಬಣ್ಣ ತುಂಬಿ, Multiply ಹಾಕಿ, Warpನಿಂದ ಒಂದು ತುದಿಯನ್ನು ಮಾತ್ರ ಸರಿಸಿ. ದೂರದ ತುದಿಗೆ ಸ್ವಲ್ಪ ಬ್ಲರ್ ಕೊಡಿ.

ಎಳೆ ಹಾರುತ್ತಿದೆ, ರಾಶಿ ಮಲಗಿದೆ

ಬೆಳಕು ಸರಿಹೋದ ಮೇಲೆ ಉಳಿದ ಕೊರತೆ ಗಾಳಿಯದ್ದು. ಭುಜದ ಮೇಲಿನ ಕೂದಲ ರಾಶಿ ಅಲ್ಲಾಡದೆ ಕೂತಿದೆ, ಅದರಿಂದ ಹತ್ತಾರು ಎಳೆ ಮಾತ್ರ ಜೋರಾಗಿ ಹಾರುತ್ತಿವೆ. ಗಾಳಿ ಹಾಗೆ ಆರಿಸಿಕೊಂಡು ಬೀಸುವುದಿಲ್ಲ. ಮೊದಲು ರಾಶಿಯ ಹೊರ ಅಂಚನ್ನು Liquifyನಲ್ಲಿ, 400-500 ಪಿಕ್ಸೆಲ್‌ನ ದೊಡ್ಡ ಬ್ರಷ್‌ನಿಂದ, ಗಾಳಿಯ ಕಡೆಗೆ ಒಂದು ಸೆಂಟಿಮೀಟರ್‌ನಷ್ಟು ತಳ್ಳಿ. ತುದಿ ಜಾಸ್ತಿ ಸರಿಯಬೇಕು, ಬುಡ ಸರಿಯಲೇಬಾರದು. ಹತ್ತಿರದ ತೆಂಗಿನಮರ ಬಾಗದಂತೆ ಮೊದಲೇ ಕೂದಲನ್ನು ಬೇರೆ ಲೇಯರ್‌ಗೆ ತೆಗೆದುಕೊಂಡಿರಿ. ಆಮೇಲೆ ಎರಡು ಮೂರು ಸಣ್ಣ ಗೊಂಚಲು, ಅವುಗಳ ಅಂಚಿನಿಂದ ಒಂಟಿ ಎಳೆಗಳು. ಒಂಟಿ ಎಳೆ ಯಾವತ್ತೂ ಒಂದು ಗೊಂಚಲಿನಿಂದ ಬಿಡಿಸಿಕೊಂಡ ಹಾಗೆ ಹೊರಡಲಿ.

ಗಾಳಿ ಎಷ್ಟಿರಬೇಕು ಅನ್ನುವುದನ್ನು ಫೋಟೋದ ಬೇರೆ ವಸ್ತುಗಳೇ ತೀರ್ಮಾನಿಸುತ್ತವೆ. ಇಲ್ಲಿ ಸೀರೆಯ ಸೆರಗು ನೇರ ಇಳಿದಿದೆ, ತೆಂಗಿನ ಗರಿಗಳೂ ಅಲ್ಲಾಡಿಲ್ಲ. ಹಾಗಿರುವಾಗ ಕೂದಲು ಭುಜದ ಎತ್ತರಕ್ಕೆ ಅಡ್ಡ ಹಾರಿದರೆ ಯಾರೂ ನಂಬುವುದಿಲ್ಲ. ಸೆರಗು ಮುಟ್ಟದೆ ಮಾಡಬಹುದಾದದ್ದು ತೆಳು ಗಾಳಿ ಮಾತ್ರ. ಹಣೆ ಪಕ್ಕದ ಎಳೆಗಳು, ಹೊರ ಅಂಚಿನ ತುದಿಗಳು, ನೆತ್ತಿಯ ನಾಲ್ಕಾರು ಎಳೆ. ಮನೆಯವರಿಗೆ ಅದನ್ನೇ ಹೇಳಿದೆವು, ಒಪ್ಪಿಕೊಂಡರು. ಜಾಸ್ತಿ ಬೇಕು ಅಂದರೆ ಸೆರಗನ್ನೂ ಹಾರಿಸಬೇಕಾಗುತ್ತದೆ, ಅದು ಬೇರೆಯೇ ಕೆಲಸ, ಬೇರೆಯೇ ರೇಟು.

ಎಣ್ಣೆ ಹಚ್ಚಿ ಬಾಚಿದ ಜಡೆ, ತುಂಬಾ ಮಲ್ಲಿಗೆ ಮುಡಿದ ತುರುಬು ಇದ್ದರೆ ಈ ಕೆಲಸ ಒಪ್ಪಿಕೊಳ್ಳದಿರುವುದೇ ಒಳ್ಳೆಯದು. ಎಣ್ಣೆ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ, ಒಂಟಿ ಎಳೆ ಅಲ್ಲಿಂದ ಏಳುವುದೇ ಇಲ್ಲ. ಅಂಥ ಫೋಟೋದಲ್ಲಿ ಕಿವಿಯ ಮುಂದಿನ ಪುಟ್ಟ ಎಳೆಗಳನ್ನು ಅಲ್ಲಾಡಿಸಬಹುದು, ಅಷ್ಟೇ.

ಮಸುಕು ಮತ್ತು ಕಾಳು

ಇದು ಬೇಗ ಮುಗಿಯುವ ಭಾಗ. File Infoನಲ್ಲಿ ಷಟರ್ ವೇಗ ನೋಡಿ. ನಮ್ಮದು 1/500. ಆ ವೇಗದಲ್ಲಿ ತೆಳು ಗಾಳಿಯ ಕೂದಲು ಅಲ್ಲಾಡಿದ್ದು ಕಾಣುವುದಿಲ್ಲ, ಹಾಗಾಗಿ ಹುಡುಗ ಹಾಕಿದ್ದ Motion Blur ತೆಗೆದೆವು. 1/60 ಇದ್ದಿದ್ದರೆ ತುದಿಗಳಿಗೆ ಮಾತ್ರ ಸ್ವಲ್ಪ ಕೊಡಬಹುದಿತ್ತು. ಫೋಕಸ್ ಕಣ್ಣಿನ ಮೇಲಿದೆ, ಅಪರ್ಚರ್ ದೊಡ್ಡದಾಗಿ ತೆರೆದಿದೆ. ಹಾಗಾಗಿ ತಲೆಯ ಹಿಂದಿನಿಂದ ಹೊರಟ ಎಳೆಗಳಿಗೆ 1 ಪಿಕ್ಸೆಲ್ Gaussian Blur, ಕಣ್ಣಿನ ಸಮದಲ್ಲಿರುವವಕ್ಕೆ ಏನೂ ಬೇಡ. ಕೊನೆಗೆ, ಫೋಟೋದಲ್ಲಿರುವ ಸಣ್ಣ ಕಾಳು ಹೊಸ ಎಳೆಗಳಲ್ಲೂ ಕಾಣಲಿ ಅಂತ ಅವುಗಳ ಮೇಲೆ Add Noise, Monochromatic ಟಿಕ್ ಮಾಡಿ 2%. ಪಕ್ಕದ ಕೂದಲನ್ನು ನೋಡಿಕೊಂಡು ಹೆಚ್ಚುಕಡಿಮೆ ಮಾಡಿ.

ಪ್ರಿಂಟ್‌ಗೆ ಕಳಿಸುವ ಮೊದಲು

ಈ ಫೈಲ್‌ನ ಉದ್ದ 6000 ಪಿಕ್ಸೆಲ್. 18 ಇಂಚಿಗೆ ಪ್ರಿಂಟ್ ಮಾಡಿದರೆ ಇಂಚಿಗೆ 333 ಪಿಕ್ಸೆಲ್ ಬರುತ್ತದೆ, 2 ಪಿಕ್ಸೆಲ್‌ನ ಎಳೆ ಕಾಗದದ ಮೇಲೆ 0.15 ಮಿಲಿಮೀಟರ್. ಇಷ್ಟು ಸಣ್ಣ ಗೆರೆಗೆ ಶಾರ್ಪನಿಂಗ್ ಜಾಸ್ತಿಯಾದರೆ ಅಕ್ಕಪಕ್ಕ ಬಿಳಿ ಅಂಚು ಹುಟ್ಟಿ ಎಳೆ ಮತ್ತೆ ದಾರವಾಗುತ್ತದೆ. ಆದ್ದರಿಂದ ಶಾರ್ಪನಿಂಗ್ ಅನ್ನು ಮೂಲ ಫೋಟೋದ ಲೇಯರ್‌ಗೆ ಮಾತ್ರ ಕೊಡಿ, ಎಳೆಗಳ ಲೇಯರ್ ಅದರ ಮೇಲೆ ಇರಲಿ. ಲ್ಯಾಬ್‌ನವರಿಗೂ "ಶಾರ್ಪ್ ಮಾಡಬೇಡಿ" ಅಂತ ಒಂದು ಮಾತು ಹೇಳಿ. ಮ್ಯಾಟ್ ಲ್ಯಾಮಿನೇಷನ್ ಹಾಕಿಸುವುದಾದರೆ ಕಪ್ಪು ಭಾಗಗಳು ಸ್ವಲ್ಪ ತೆಳುವಾಗುತ್ತವೆ. ತೆಂಗಿನಮರದ ಮುಂದಿನ ಹೊಳಪಿಗೆ ಹೊಂದಲು, ಹೊಳಪಿನ ಲೇಯರ್‌ನ ಓಪಾಸಿಟಿಯನ್ನು 10%ರಷ್ಟು ಏರಿಸಿದ ಒಂದು ಪ್ರತಿ ಮತ್ತು ಏರಿಸದ ಒಂದು ಪ್ರತಿ, ಎರಡನ್ನೂ 4×6 ಸಣ್ಣ ತುಂಡುಗಳಾಗಿ ಪ್ರಿಂಟ್ ಹಾಕಿಸಿ ನೋಡಿ. ದೊಡ್ಡ ಶೀಟ್ ಆಮೇಲೆ ಕೊಡಿ.